ಅಳತೆಯ ಮಾತು

ಇನ್ನೊಬ್ಬರ ಒಳ್ಳೆಯತನವನ್ನು ಹೇಳುವುದು ಸುಲಭ. ತನ್ನದನ್ನು ತಾನೇ ಹೇಳಿಕೊಳ್ಳುವುದು ಕಷ್ಟ. ಹೆಚ್ಚು ಹೇಳಿದರೆ ಬಡಾಯಿಯಾಗುತ್ತದೆ, ಕಡಿಮೆ ಹೇಳಿದರೆ ಕೇಳುವವರಿಗೆ ತಿಳಿಯುವುದಿಲ್ಲ. ಆದರೂ ಮನುಷ್ಯನು ತನ್ನ ಕೆಲಸದ ವಿಷಯವನ್ನು ತಾನೇ ಹೇಳಬೇಕಾದ ಸಂದರ್ಭಗಳು ಬರುತ್ತವೆ. ಸಮಾಜಸೇವೆ ಮಾಡಿದ ವಿದ್ಯಾರ್ಥಿಗಳಿಗೆಂದು ಮೀಸಲಾದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಸಂದರ್ಭ ಅಂಥದು. ಅರ್ಜಿಯ ನಮೂನೆಯಲ್ಲಿ ಹೆಸರು, ಊರು, ಪಡೆದ ಅಂಕಗಳನ್ನು ತುಂಬಿದ ಮೇಲೆ, ‘ನೀವು ಮಾಡಿದ ಸೇವೆಯನ್ನೂ ಈ ವೇತನವನ್ನು ಬಯಸುವ ಕಾರಣವನ್ನೂ ತಿಳಿಸಿ ಒಂದು ಪತ್ರ ಬರೆಯಿರಿ’ ಎಂಬ ಸೂಚನೆ ಇರುತ್ತದೆ. ಅಲ್ಲಿಯವರೆಗೆ ಸರಾಗವಾಗಿ ಓಡಿದ ಲೇಖನಿ ಅಲ್ಲಿ ನಿಂತುಬಿಡುತ್ತದೆ.

ನಿಲ್ಲುವುದಕ್ಕೆ ಕಾರಣವಿಲ್ಲದಿಲ್ಲ. ಕನ್ನಡ ನಾಡಿನ ಮಕ್ಕಳು ಚಿಕ್ಕಂದಿನಲ್ಲಿಯೇ ಬಾಯಿಪಾಠ ಮಾಡುವ ವಚನವೊಂದಿದೆ. ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು ಅದರಲ್ಲಿ ಮನುಷ್ಯನು ಮಾಡಬಾರದ ಏಳು ಕಾರ್ಯಗಳನ್ನು ಹೇಳಿದ್ದಾರೆ. ಕಳವು, ಕೊಲೆ, ಸುಳ್ಳುಗಳಿಂದ ತೊಡಗುವ ಆ ಪಟ್ಟಿಯಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವುದೂ ಸೇರಿದೆ, ಎದುರಿನವರನ್ನು ನಿಂದಿಸುವುದೂ ಸೇರಿದೆ. ಕಳವಿನೊಡನೆ ಒಂದೇ ಸಾಲಿನಲ್ಲಿ ಆತ್ಮಸ್ತುತಿಯನ್ನು ನಿಲ್ಲಿಸಿದ ನೆಲದಲ್ಲಿ ಹುಟ್ಟಿದ ಮಗು, ‘ನಾನು ಇಂಥ ಒಳ್ಳೆಯ ಕೆಲಸ ಮಾಡಿದೆ’ ಎಂದು ಬರೆಯಲು ಹಿಂಜರಿದರೆ ಅದು ಸಂಸ್ಕಾರದ ಗುಣವೇ ಹೊರತು ದೋಷವಲ್ಲ.

ಅದೇ ಜಿಲ್ಲೆಯಲ್ಲಿ ಹತ್ತಿರದ ಕಾಲದ ಇನ್ನೊಂದು ನಿದರ್ಶನವೂ ಉಂಟು. 2018ರ ಜನವರಿಯಲ್ಲಿ ಭಾರತ ಸರ್ಕಾರವು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಪ್ರಕಟಿಸಿತು. ಸ್ವಾಮಿಗಳು ಪ್ರಧಾನಮಂತ್ರಿಗಳಿಗೆ ವಿನಯಪೂರ್ವಕವಾಗಿ ಪತ್ರ ಬರೆದು, ಸನ್ಯಾಸಿಯಾದ ತಮಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ತಿಳಿಸಿ, ಆ ಗೌರವವನ್ನು ಸ್ವೀಕರಿಸಲಿಲ್ಲ. 2023ರ ಜನವರಿಯಲ್ಲಿ ಅವರು ಲಿಂಗೈಕ್ಯರಾದರು. ಆ ಪತ್ರದ ನೆನಪು ಜನರಲ್ಲಿ ಉಳಿದಿದೆ.

ಆದರೆ ಸನ್ಯಾಸಿಯ ಮಾರ್ಗ ಬೇರೆ, ಓದುವ ಮಗುವಿನ ಮಾರ್ಗ ಬೇರೆ. ಏನೂ ಬೇಡವೆನ್ನುವವರು ಬೇಡವೆಂದು ಬರೆಯಬಹುದು. ಕಾಲೇಜಿನ ಶುಲ್ಕ ಕಟ್ಟಬೇಕಾದ ಮಗು ಮೌನವಾಗಿದ್ದರೆ ವೇತನವು ಮಾತು ಬಲ್ಲ ಇನ್ನೊಬ್ಬರಿಗೆ ಹೋಗುತ್ತದೆ. ಆಯ್ಕೆ ಮಾಡುವವರಿಗೂ ನಿಜವಾದ ಕೆಲಸ ಯಾವುದೆಂದು ತಿಳಿಯದೆ ಹೋಗುತ್ತದೆ. ಆದುದರಿಂದ ಇಲ್ಲಿರುವ ಪ್ರಶ್ನೆ ಹೇಳಬೇಕೇ ಬೇಡವೇ ಎಂಬುದಲ್ಲ. ಹೊಗಳಿಕೊಳ್ಳದೆ ಹೇಳುವುದು ಹೇಗೆ ಎಂಬುದು. ಇದನ್ನು ಒಂದು ಉದಾಹರಣೆಯಿಂದ ವಿಚಾರಿಸಬಹುದು.

ಸಿಂದಗಿ ತಾಲ್ಲೂಕಿನಲ್ಲಿ ಭೀಮಾ ನದಿಯ ಕಡೆಗಿರುವ ಒಂದು ಹಳ್ಳಿಯನ್ನೂ ಅಲ್ಲಿಯ ಒಬ್ಬ ವಿದ್ಯಾರ್ಥಿನಿಯನ್ನೂ ಕಲ್ಪಿಸಿಕೊಳ್ಳೋಣ. ಮಳೆಯನ್ನೇ ನಂಬಿದ ಎರೆಹೊಲಗಳ ಸೀಮೆ ಅದು. ಮಳೆ ಕೈಕೊಟ್ಟ ವರ್ಷ ದಸರಾ ದೀಪಾವಳಿಗಳ ಹೊತ್ತಿಗೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯುವ ಕೆಲಸಕ್ಕೆಂದು ಮಹಾರಾಷ್ಟ್ರದ ಕಡೆಗೆ ಹೊರಡುತ್ತವೆ. ಕಾರ್ಖಾನೆಗಳ ಹಂಗಾಮು ಮುಗಿದ ಮೇಲೆ ಯುಗಾದಿಯ ಆಸುಪಾಸಿನಲ್ಲಿ ಮರಳುತ್ತವೆ. ಕೆಲವು ಮಕ್ಕಳು ತಂದೆತಾಯಿಗಳೊಡನೆ ಹೋಗುತ್ತಾರೆ; ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಉಳಿದ ಮಕ್ಕಳಿಗೆ ಶಾಲೆಯೇನೋ ಇದೆ, ಆದರೆ ಸಂಜೆ ಪುಸ್ತಕ ತೆರೆಯಿಸುವವರು ಮನೆಯಲ್ಲಿಲ್ಲ. ನಮ್ಮ ಈ ವಿದ್ಯಾರ್ಥಿನಿ ಒಂಬತ್ತನೆಯ ತರಗತಿಯಲ್ಲಿದ್ದಾಗ, ಅಂಥ ಮಕ್ಕಳನ್ನು ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಸಂಜೆ ಒಂದು ಗಂಟೆ ಓದಿಸಲಾರಂಭಿಸಿದಳು. ಆಕೆಯ ಗೆಳತಿಯೊಬ್ಬಳು ಜೊತೆಗೆ ನಿಂತಳು. ಎರಡು ವರ್ಷಗಳು ಕಳೆದುವು. ಈಗ ಆಕೆ ಸಿಂದಗಿಯಲ್ಲಿ ಪದವಿಪೂರ್ವ ತರಗತಿಗೆ ಸೇರಿದ್ದಾಳೆ. ವಿದ್ಯಾರ್ಥಿವೇತನದ ಅರ್ಜಿ ಮುಂದಿದೆ.

ಮೊದಲ ಸಲ ಆಕೆ ಹೀಗೆ ಬರೆದಳು:

“ಬಾಲ್ಯದಿಂದಲೂ ಸಮಾಜಸೇವೆ ನನ್ನ ಉಸಿರಾಗಿದೆ. ನಮ್ಮ ಊರಿನ ಅಜ್ಞಾನಿ ಪಾಲಕರೂ ಕಾಳಜಿಯಿಲ್ಲದ ಜನರೂ ಮಕ್ಕಳ ಭವಿಷ್ಯವನ್ನು ಕಡೆಗಣಿಸಿದ್ದರು. ನಾನು ಹಗಲಿರುಳೆನ್ನದೆ ಶ್ರಮಿಸಿ ನೂರಾರು ಮಕ್ಕಳ ಬಾಳಿನಲ್ಲಿ ಬೆಳಕು ತಂದಿದ್ದೇನೆ. ನನ್ನ ಅವಿರತ ಪ್ರಯತ್ನದಿಂದ ಇಂದು ಊರಿನ ಎಲ್ಲ ಮಕ್ಕಳೂ ನಿರರ್ಗಳವಾಗಿ ಓದುತ್ತಾರೆ.”

ಈ ಬರಹವನ್ನು ಆಕೆ ತನ್ನ ಪ್ರೌಢಶಾಲೆಯ ಹಳೆಯ ಮಾಸ್ತರರಿಗೆ ತೋರಿಸಿದಳು. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು:

“ಎಷ್ಟು ಮಕ್ಕಳು ಬರತಿದ್ರವ್ವಾ?”

“ಹದಿನಾಲ್ಕು ಮಂದಿ ರೀ, ಸರ್.”

“ನೂರಾರು ಅಂತ ಬರದೀದಿ?”

ಆಕೆ ತಲೆ ತಗ್ಗಿಸಿದಳು. “ಹದಿನಾಲ್ಕು ಅಂದ್ರ ಸಣ್ಣದ ಅನಸ್ತದ ರೀ. ಎಲ್ಲಾರೂ ಹಂಗ ಬರೀತಾರ ಅಂದ್ರು.”

“ಈ ಪತ್ರಾನ ನಾಳೆ ಸಂಜಿಕ ಗುಡಿ ಕಟ್ಟಿ ಮ್ಯಾಲ ನಿಂತು, ಆ ಹುಡುಗರ ಅಜ್ಜಿಗೋಳ ಮುಂದ ಜೋರಾಗಿ ಓದತೀಯೇನು?”

ಆಕೆ ಉತ್ತರ ಕೊಡಲಿಲ್ಲ. ಪತ್ರವನ್ನು ಮಡಚಿಕೊಂಡು ಹೋದಳು.

ಆ ಬರಹದಲ್ಲಿ ಮೂರು ದೋಷಗಳಿದ್ದುವು. ಹದಿನಾಲ್ಕನ್ನು ನೂರಾರು ಮಾಡಿದ್ದು ಸುಳ್ಳು. ಊರಿನ ಮಕ್ಕಳೆಲ್ಲರ ಓದನ್ನು ತನ್ನೊಬ್ಬಳ ಪ್ರಯತ್ನಕ್ಕೆ ಕಟ್ಟಿಕೊಂಡದ್ದು ಆತ್ಮಸ್ತುತಿ. ಪಾಲಕರನ್ನು ಅಜ್ಞಾನಿಗಳೆಂದದ್ದು ಪರನಿಂದೆ. ವಚನವು ನಿಷೇಧಿಸಿದ ಏಳರಲ್ಲಿ ಮೂರು ನಾಲ್ಕೇ ವಾಕ್ಯಗಳಲ್ಲಿ ಬಂದು ಕುಳಿತಿದ್ದುವು. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದನ್ನೂ ಗಮನಿಸಬೇಕು. ತಾನು ದೊಡ್ಡವಳಾಗಿ ಕಾಣಬೇಕಾದರೆ ಸಂಖ್ಯೆ ಹಿಗ್ಗಬೇಕು, ಸುತ್ತಲಿನವರು ಕುಗ್ಗಬೇಕು. ಬೆಳಕು ತಂದವಳು ತಾನೆಂದು ಹೇಳಲು ಮೊದಲು ಊರನ್ನೆಲ್ಲ ಕತ್ತಲೆಯಲ್ಲಿ ಇರಿಸಬೇಕಾಯಿತು. ಆದರೆ ಆ ತಾಯಿತಂದೆಗಳು ಮಕ್ಕಳನ್ನು ಬಿಟ್ಟುಹೋದದ್ದು ಅಜ್ಞಾನದಿಂದಲ್ಲ, ಹೊಟ್ಟೆಪಾಡಿನಿಂದ. ಮಕ್ಕಳ ಶಾಲೆ ತಪ್ಪಬಾರದೆಂದೇ ಅವರನ್ನು ಅಜ್ಜಿಯ ಬಳಿ ಬಿಟ್ಟಿದ್ದರು.

ಎರಡನೆಯ ಸಲ ಆಕೆ ಬರೆದದ್ದು ಇದಕ್ಕೆ ತೀರ ವಿರುದ್ಧವಾಗಿತ್ತು:

“ನಾನು ಹೇಳಿಕೊಳ್ಳುವಂಥ ದೊಡ್ಡ ಕೆಲಸವನ್ನೇನೂ ಮಾಡಿಲ್ಲ. ಹಿರಿಯರ ಆಶೀರ್ವಾದದಿಂದ ಅಲ್ಪಸ್ವಲ್ಪ ಅಳಿಲಸೇವೆ ಮಾಡಿದ್ದೇನೆ. ತಾವು ದಯವಿಟ್ಟು ಕೃಪೆ ತೋರಬೇಕೆಂದು ಪ್ರಾರ್ಥಿಸುತ್ತೇನೆ.”

ಇದನ್ನು ನೋಡಿ ಮಾಸ್ತರರು ನಕ್ಕರು. “ಮೊದಲನೇದರಾಗ ಹುಡುಗರು ಕಾಣಲಿಲ್ಲ, ನೀ ಅಷ್ಟ ಕಂಡಿ. ಇದರಾಗೂ ಹುಡುಗರು ಕಾಣವಲ್ರು, ನೀ ಅಷ್ಟ ಕಾಣತಿ” ಎಂದರು.

ಆ ಮಾತು ವಿಚಾರಕ್ಕೆ ಯೋಗ್ಯವಾದುದು. ಅತಿಯಾದ ಹೊಗಳಿಕೆಯೂ ಅತಿಯಾದ ವಿನಯವೂ ಮೇಲುನೋಟಕ್ಕೆ ಉತ್ತರ ದಕ್ಷಿಣಗಳಂತೆ ತೋರಿದರೂ ಅವು ಅಣ್ಣತಮ್ಮಂದಿರೇ. ಎರಡರಲ್ಲಿಯೂ ಮಾತಿನ ವಿಷಯ ‘ನಾನು’. ಒಂದರಲ್ಲಿ ‘ನಾನು ದೊಡ್ಡವಳು’, ಇನ್ನೊಂದರಲ್ಲಿ ‘ನಾನು ಚಿಕ್ಕವಳು’. ಕೆಲಸ ಯಾವುದು, ಯಾರಿಗಾಗಿ ನಡೆಯಿತು, ಅದರಿಂದ ಏನು ಬದಲಾಯಿತು ಎಂಬುದು ಎರಡರಲ್ಲಿಯೂ ಇಲ್ಲ. ಆಯ್ಕೆ ಸಮಿತಿಯ ಸದಸ್ಯರ ಮೇಜಿನ ಮೇಲೆ ಪತ್ರಗಳ ಕಟ್ಟೇ ಇರುತ್ತದೆ. ‘ಅವಿರತ’, ‘ಅಳಿಲಸೇವೆ’ ಎಂಬ ಮಾತುಗಳು ಬಹುಪಾಲು ಪತ್ರಗಳಲ್ಲಿ ಬಂದಿರುತ್ತವೆ. ಅವುಗಳಿಂದ ಒಂದು ಪತ್ರವನ್ನು ಇನ್ನೊಂದರಿಂದ ಬೇರ್ಪಡಿಸಲು ಅವರಿಗೆ ಸಾಧ್ಯವಾಗುವುದಿಲ್ಲ. ಗುಣವಾಚಕವನ್ನು ಯಾರು ಬೇಕಾದರೂ ಬರೆಯಬಹುದು; ಕೆಲಸದ ವಿವರವನ್ನು ಕೆಲಸ ಮಾಡಿದವರು ಮಾತ್ರ ಬರೆಯಬಲ್ಲರು.

ಹಾಗಾದರೆ ವಿವರವನ್ನು ಎಲ್ಲಿಂದ ತರುವುದು? ಮಾಸ್ತರರು ಆಕೆಯನ್ನು ಕೇಳಿದ್ದೂ ಇದನ್ನೇ. ಆಕೆಯ ಬಳಿ ಒಂದು ನೂರು ಪುಟದ ನೋಟುಬುಕ್ಕಿತ್ತು. ಮೊದಲನೆಯ ವಾರ, ಯಾವ ಮಗುವಿಗೆ ಯಾವ ಪುಸ್ತಕ ಕೊಡಬೇಕೆಂದು ತಿಳಿಯಲು ಆಕೆ ಒಬ್ಬೊಬ್ಬರನ್ನೇ ಕೂಡಿಸಿ ಓದಿಸಿ ನೋಡಿ ಅದರಲ್ಲಿ ಬರೆದಿಟ್ಟಿದ್ದಳು. ಹಾಗೆ ನೋಡುವ ಕ್ರಮವನ್ನು ಆಕೆಗೆ ಹೇಳಿಕೊಟ್ಟವರು ಪ್ರಾಥಮಿಕ ಶಾಲೆಯ ಗುರುಗಳು. ‘ಪ್ರಥಮ್’ ಎಂಬ ಸಂಸ್ಥೆಯು 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುವುದು ಇದೇ ಕ್ರಮದಿಂದ. ಅದರಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಮೊದಲನೆಯದು ಅಕ್ಷರ, ಎರಡನೆಯದು ಪದ, ಮೂರನೆಯದು ಒಂದನೆಯ ತರಗತಿಯ ಮಟ್ಟದ ನಾಲ್ಕಾರು ವಾಕ್ಯಗಳು, ನಾಲ್ಕನೆಯದು ಎರಡನೆಯ ತರಗತಿಯ ಮಟ್ಟದ ಒಂದು ಚಿಕ್ಕ ಕಥೆ. ಮಗು ಸರಾಗವಾಗಿ ಓದಬಲ್ಲ ಕೊನೆಯ ಮೆಟ್ಟಿಲೇ ಅದರ ಮಟ್ಟ. ಇದಕ್ಕೆ ಒಂದು ಹಾಳೆ ಸಾಕು. ಒಂದು ಮಗುವಿಗೆ ಕೆಲವೇ ನಿಮಿಷಗಳು ಸಾಕು.

ನೋಟುಬುಕ್ಕಿನ ಮೊದಲ ಪುಟದಂತೆ, ದೀಪಾವಳಿಯ ಮರುವಾರ ಬಂದ 14 ಮಕ್ಕಳಲ್ಲಿ 6 ಮಂದಿ ಅಕ್ಷರದಲ್ಲಿಯೂ 5 ಮಂದಿ ಪದದಲ್ಲಿಯೂ 3 ಮಂದಿ ವಾಕ್ಯಗಳಲ್ಲಿಯೂ ಇದ್ದರು. ಕಥೆಯನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಯುಗಾದಿಯ ಮುಂಚೆ ಆಕೆ ಮತ್ತೊಮ್ಮೆ ಓದಿಸಿ ನೋಡಿದಳು. ಆ ಹೊತ್ತಿಗೆ 3 ಮಕ್ಕಳು ತಂದೆತಾಯಿಗಳ ಬಳಿಗೆ ಹೊರಟುಹೋಗಿದ್ದರು. ಉಳಿದ 11 ಮಂದಿಯಲ್ಲಿ ಅಕ್ಷರದಲ್ಲಿ ಒಬ್ಬ, ಪದದಲ್ಲಿ ಇಬ್ಬರು, ವಾಕ್ಯಗಳಲ್ಲಿ ನಾಲ್ವರು, ಕಥೆಯಲ್ಲಿ ನಾಲ್ವರು ಇದ್ದರು. ಒಬ್ಬೊಬ್ಬರ ಹೆಸರನ್ನು ಹಿಡಿದು ನೋಡಿದರೆ, 10 ಮಂದಿ ಒಂದು ಮೆಟ್ಟಿಲಾದರೂ ಏರಿದ್ದರು. ಒಬ್ಬನು ನಿಂತಲ್ಲಿಯೇ ನಿಂತಿದ್ದನು.

ಇಲ್ಲಿ ಎರಡು ಬಗೆಯ ಲೆಕ್ಕಗಳ ಭೇದವನ್ನು ತಿಳಿಯಬೇಕು. ‘92 ಸಂಜೆ ಓದಿಸಿದೆ’ ಎಂಬುದು ಮಾಡಿದ ಕೆಲಸದ ಲೆಕ್ಕ. ‘10 ಮಕ್ಕಳು ಮೆಟ್ಟಿಲು ಏರಿದರು’ ಎಂಬುದು ಆದ ಬದಲಾವಣೆಯ ಲೆಕ್ಕ. ಒಕ್ಕಲಿಗನು ಎಷ್ಟು ಸಲ ಎಡೆ ಹೊಡೆದನೆಂಬುದು ಒಂದು, ರಾಶಿಯಲ್ಲಿ ಎಷ್ಟು ಚೀಲ ಜೋಳ ಬಂದಿತೆಂಬುದು ಇನ್ನೊಂದು. ಪತ್ರದಲ್ಲಿ ಎರಡೂ ಇರಬೇಕು. ಆದರೆ ಮೊದಲನೆಯದನ್ನು ಎರಡನೆಯದೆಂದು ತೋರಿಸಬಾರದು. ಎರಡನೆಯ ಲೆಕ್ಕಕ್ಕೆ ಆರಂಭದ ಸ್ಥಿತಿ ತಿಳಿದಿರಲೇಬೇಕು. ಮೊದಲ ವಾರದ ಆ ಪುಟ ಇಲ್ಲದಿದ್ದರೆ, ‘ನಾಲ್ವರು ಕಥೆ ಓದುತ್ತಾರೆ’ ಎಂಬ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ; ಆ ನಾಲ್ವರು ಮೊದಲೇ ಓದುತ್ತಿದ್ದಿರಬಹುದಲ್ಲ! ಪತ್ರ ಬರೆಯುವ ರಾತ್ರಿ ಈ ಪುಟವನ್ನು ಸೃಷ್ಟಿಸಲು ಬರುವುದಿಲ್ಲ. ಕೆಲಸದ ಮೊದಲ ದಿನವೇ ಅದು ಹುಟ್ಟಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ಆ ಮಕ್ಕಳು ಹಗಲಿನಲ್ಲಿ ಶಾಲೆಗೂ ಹೋಗುತ್ತಿದ್ದರು. ಐದು ತಿಂಗಳಲ್ಲಿ ಅವರು ಕಲಿತದ್ದರಲ್ಲಿ ಶಾಲೆಯ ಪಾಲೆಷ್ಟು, ಕಟ್ಟೆಯ ಪಾಲೆಷ್ಟು? ಅದನ್ನು ಬೇರ್ಪಡಿಸಬೇಕಾದರೆ, ಕಟ್ಟೆಗೆ ಬಾರದೆ ಶಾಲೆಗೆ ಮಾತ್ರ ಹೋದ ಅಂಥದೇ ಮಕ್ಕಳನ್ನೂ ಎರಡು ಸಲ ಓದಿಸಿ ನೋಡಬೇಕಾಗಿತ್ತು. ಆಕೆ ಹಾಗೆ ನೋಡಿರಲಿಲ್ಲ. ಆದುದರಿಂದ ‘ನನ್ನಿಂದ ಕಲಿತರು’ ಎಂದು ಬರೆಯುವ ಅಧಿಕಾರ ಆಕೆಗಿಲ್ಲ. ‘ಶಾಲೆಯ ಪಾಠದ ಜೊತೆಗೆ ಇದೂ ನೆರವಾಯಿತು’ ಎಂದು ಬರೆಯುವ ಅಧಿಕಾರ ಇದೆ. ವಿನಯವೆಂದರೆ ಸದ್ದು ತಗ್ಗಿಸಿ ಮಾತಾಡುವುದಲ್ಲ, ತನಗೆ ತಿಳಿದಿರುವಷ್ಟನ್ನೇ ಹೇಳುವುದು ಎಂಬುದಕ್ಕೆ ಈ ಒಂದು ವಾಕ್ಯವೇ ಸಾಕ್ಷಿ.

ಮೂರನೆಯ ಸಲ ಆಕೆ ನೋಟುಬುಕ್ಕನ್ನು ಮುಂದಿಟ್ಟುಕೊಂಡು ಬರೆದಳು.

“ಮಾನ್ಯರೇ,

ನಮ್ಮ ಊರಿನಿಂದ ಪ್ರತಿವರ್ಷ ಕೆಲವು ಕುಟುಂಬಗಳು ದೀಪಾವಳಿಯಿಂದ ಯುಗಾದಿಯವರೆಗೆ ಕಬ್ಬು ಕಡಿಯಲು ಹೋಗುತ್ತವೆ. ಮಕ್ಕಳ ಶಾಲೆ ತಪ್ಪದಿರಲೆಂದು ಹಲವರು ಅವರನ್ನು ಅಜ್ಜಿಯರ ಬಳಿ ಬಿಡುತ್ತಾರೆ. ಸಂಜೆ ಈ ಮಕ್ಕಳನ್ನು ಓದಲು ಕೂಡಿಸುವವರು ಇರಲಿಲ್ಲ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಗೆಳತಿಯೊಬ್ಬಳೊಡನೆ ಗುಡಿಯ ಕಟ್ಟೆಯ ಮೇಲೆ ಎರಡು ಮತ್ತು ಮೂರನೆಯ ತರಗತಿಯ 14 ಮಕ್ಕಳಿಗೆ ಸಂಜೆ ಒಂದು ಗಂಟೆ ಓದಿಸಲು ತೊಡಗಿದೆ. ನಮ್ಮ ದಾಖಲೆಯಂತೆ ಐದು ತಿಂಗಳಲ್ಲಿ 92 ಸಂಜೆ ಓದು ನಡೆಯಿತು. ಜಾತ್ರೆ, ಪರೀಕ್ಷೆ ಮತ್ತು ನನ್ನ ಜ್ವರದ ದಿನಗಳಲ್ಲಿ ನಡೆಯಲಿಲ್ಲ.

ಪ್ರಾಥಮಿಕ ಶಾಲೆಯ ಗುರುಗಳು ಓದಿನ ಮಟ್ಟವನ್ನು ನೋಡುವ ಕ್ರಮವನ್ನು ತಿಳಿಸಿ, ಹಳೆಯ ಪುಸ್ತಕಗಳನ್ನು ಕೊಟ್ಟರು. ಮೊದಲ ವಾರ ಒಂದು ಕಥೆಯನ್ನು ಓದಬಲ್ಲ ಮಗು ಒಂದೂ ಇರಲಿಲ್ಲ. 6 ಮಕ್ಕಳು ಬಿಡಿ ಅಕ್ಷರಗಳನ್ನು ಮಾತ್ರ ಗುರುತಿಸುತ್ತಿದ್ದರು. ನಡುವೆ 3 ಮಕ್ಕಳು ಊರು ಬಿಟ್ಟು ಹೋದರು. ಕೊನೆಗೆ ಉಳಿದ 11 ಮಕ್ಕಳಲ್ಲಿ 4 ಮಂದಿ ಕಥೆ ಓದಿದರು, ಇನ್ನು 4 ಮಂದಿ ವಾಕ್ಯಗಳನ್ನು ಓದಿದರು. 10 ಮಕ್ಕಳು ಮೊದಲಿಗಿಂತ ಒಂದು ಮಟ್ಟವಾದರೂ ಮುಂದೆ ಬಂದರು. ಇದರಲ್ಲಿ ಶಾಲೆಯ ಪಾಠದ ಪಾಲು ದೊಡ್ಡದು. ಸಂಜೆಯ ಓದು ಅದಕ್ಕೆ ನೆರವಾಯಿತೆಂದು ಗುರುಗಳು ಹೇಳಿದ್ದಾರೆ.

ಒಬ್ಬ ಹುಡುಗನ ಮಟ್ಟ ಬದಲಾಗಲಿಲ್ಲ. ನಾನು ಅವನನ್ನು ಎಲ್ಲರ ಮುಂದೆ ಮತ್ತೆ ಮತ್ತೆ ಓದಿಸುತ್ತಿದ್ದೆ; ಅದರಿಂದ ಅವನು ನಾಚಿ ಬರುವುದನ್ನೇ ಕಡಿಮೆ ಮಾಡಿದನು. ಅದು ನನಗೆ ತಡವಾಗಿ ತಿಳಿಯಿತು. ಮರುವರ್ಷ ನಾವು ಇಬ್ಬಿಬ್ಬರನ್ನು ಜೋಡಿಯಾಗಿ ಕೂಡಿಸಿದೆವು. ಆ ವರ್ಷ ನಾನು ಹತ್ತನೆಯ ತರಗತಿಯಲ್ಲಿದ್ದುದರಿಂದ ಭಾನುವಾರ ಮಾತ್ರ ಹೋಗುತ್ತಿದ್ದೆ. ಉಳಿದ ದಿನಗಳನ್ನು ಗೆಳತಿಯೇ ನಡೆಸಿದಳು. ಆ ವರ್ಷದ ಮಟ್ಟಗಳನ್ನು ನಾವು ಬರೆದಿಡಲಿಲ್ಲ. ಆದುದರಿಂದ ಇಲ್ಲಿ ತಿಳಿಸಿಲ್ಲ.

ನಾನೀಗ ಪದವಿಪೂರ್ವ ತರಗತಿಯಲ್ಲಿದ್ದೇನೆ. ಮುಂದೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಬೇಕೆಂದು ಬಯಸುತ್ತೇನೆ; ಓದು ಬಾರದ ಮಗುವಿಗೆ ಹೇಗೆ ಕಲಿಸಬೇಕೆಂಬುದನ್ನು ಕ್ರಮವಾಗಿ ಕಲಿಯುವ ಆಸೆ ಆ ಹುಡುಗನಿಂದ ಹುಟ್ಟಿತು. ನಮ್ಮದು ಮಳೆಯಾಶ್ರಿತವಾದ ಮೂರು ಎಕರೆ ಹೊಲ. ವೇತನ ದೊರೆತರೆ ಅದನ್ನು ಕಾಲೇಜಿನ ಶುಲ್ಕಕ್ಕೂ ಪುಸ್ತಕಗಳಿಗೂ ಬಳಸುತ್ತೇನೆ. ನೋಟುಬುಕ್ಕಿನ ಪುಟಗಳ ಪ್ರತಿಯನ್ನೂ ಗುರುಗಳ ಪತ್ರವನ್ನೂ ಲಗತ್ತಿಸಿದ್ದೇನೆ.”

ಈ ಪತ್ರದಲ್ಲಿ ‘ಸೇವೆ’ ಎಂಬ ಪದವೇ ಇಲ್ಲ. ಆದರೂ ಸೇವೆ ಕಾಣುತ್ತದೆ. ಗೆಳತಿ, ಗುರುಗಳು, ಮಕ್ಕಳ ತಂದೆತಾಯಿಗಳು ಎಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿದ್ದಾರೆ. ಅವರನ್ನೆಲ್ಲ ತಂದುದರಿಂದ ಬರೆದವಳ ಪಾಲು ಕಡಿಮೆಯಾಯಿತೇ? ಇಲ್ಲ. ಅವಳ ಪಾಲು ಎಷ್ಟೆಂಬುದು ಈಗ ಸ್ಪಷ್ಟವಾಯಿತು. ಸ್ಪಷ್ಟವಾದುದನ್ನು ಓದುವವರು ನಂಬುತ್ತಾರೆ. ಬೇರೆಯವರ ಹೊಲದ ಬದುವನ್ನು ಸರಿಯಾಗಿ ತೋರಿಸುವವನು ತನ್ನ ಹೊಲದ ಎಲ್ಲೆಯನ್ನೂ ತೋರಿಸಿದಂತೆಯೇ.

ಸೋತ ಸಂಗತಿಯನ್ನು ಬರೆದದ್ದು ಜಾಣತನವೇ ಎಂದು ಕೆಲವರಿಗೆ ಸಂದೇಹ ಬರಬಹುದು. ಆ ವಾಕ್ಯಗಳಲ್ಲಿ ಮೂರು ಅಂಶಗಳಿವೆ: ಏನು ತಪ್ಪಿತು, ಅದು ಹೇಗೆ ತಿಳಿಯಿತು, ಮುಂದೆ ಏನು ಬದಲಾಯಿಸಿದರು. ಈ ಮೂರೂ ಕೂಡಿದಾಗ ಸೋಲು ಕಲಿಕೆಯಾಗುತ್ತದೆ. ಬರಿಯ ಸೋಲನ್ನು ಹೇಳಿ ನಿಲ್ಲಿಸಿದರೆ ಅದು ಗೋಳಾಗುತ್ತದೆ. ‘ನನ್ನ ದೋಷವೆಂದರೆ ನಾನು ಅತಿಯಾಗಿ ದುಡಿಯುತ್ತೇನೆ’ ಎಂಬಂತೆ ಬರೆದರೆ ಅದು ಸೋಲಿನ ವೇಷ ಹಾಕಿದ ಬಡಾಯಿಯಾಗುತ್ತದೆ. ಸಂದರ್ಶನಕ್ಕೆ ಕರೆದರೆ ಸಮಿತಿಯವರು ಮೊದಲು ಕೇಳುವುದೂ ಬಹುಶಃ ಆ ಹುಡುಗನ ವಿಷಯವನ್ನೇ. ನೂರಾರು ಮಕ್ಕಳ ಕಥೆ ಬರೆದವರು ಅಲ್ಲಿ ತಡವರಿಸುತ್ತಾರೆ. ಒಬ್ಬ ಹುಡುಗನ ಕಥೆ ಬರೆದವರು ನೆನಪಿನಿಂದಲೇ ಮಾತಾಡಬಲ್ಲರು.

ಆ ಹುಡುಗನ ಹೆಸರು ಪತ್ರದಲ್ಲಿ ಇಲ್ಲವೆಂಬುದನ್ನೂ ಗಮನಿಸಬೇಕು. ಲಗತ್ತಿಸಿದ ಪುಟಗಳಲ್ಲಿಯೂ ಮಕ್ಕಳ ಹೆಸರನ್ನು ಮರೆಮಾಡಿ 1, 2, 3 ಎಂದು ಅಂಕೆ ಹಾಕಲಾಗಿತ್ತು. ಮಕ್ಕಳ ಹರಿದ ಅಂಗಿಯ ವರ್ಣನೆಯಾಗಲಿ ಅಜ್ಜಿಯರ ಕಣ್ಣೀರಿನ ವರ್ಣನೆಯಾಗಲಿ ಎಲ್ಲಿಯೂ ಇಲ್ಲ. ನೆರವು ಪಡೆದವರ ಬಡತನವನ್ನು ತನ್ನ ಅರ್ಜಿಗೆ ಅಲಂಕಾರವಾಗಿ ಬಳಸುವುದು ಕೂಡ ಒಂದು ಬಗೆಯ ನಿಂದೆಯೇ.

ಇಷ್ಟಾದ ಮೇಲೂ ಇಂಥ ಪತ್ರಕ್ಕೆ ವೇತನ ದೊರೆಯುವುದೆಂಬ ಖಾತ್ರಿಯೇನೂ ಇಲ್ಲ. ಕೊಡುವವರ ಹಣ ಮಿತವಾದುದು, ಕೇಳುವವರು ಹಲವರು. ಇನ್ನೂ ಹೆಚ್ಚಿನ ಕೆಲಸ ಮಾಡಿದವರು, ಇನ್ನೂ ಹೆಚ್ಚಿನ ಕಷ್ಟದಲ್ಲಿರುವವರು ಆ ಕಟ್ಟಿನಲ್ಲಿ ಇರಬಹುದು. ಪತ್ರವು ಮಾಡಬಲ್ಲದ್ದು ಇಷ್ಟೇ: ನಿಜವಾದ ಕೆಲಸ ಕಣ್ಣಿಗೆ ಬೀಳದೆ ಹೋಗದಂತೆ ನೋಡಿಕೊಳ್ಳುವುದು.

ಬರೆದು ಮುಗಿಸಿದ ವಿದ್ಯಾರ್ಥಿನಿ ಮಾಸ್ತರರ ಬಳಿಗೆ ಹೋದಳು. ಅವರು ಪತ್ರವನ್ನು ಓದಿ ಮಡಚಿ ಅವಳ ಕೈಗೆ ಕೊಟ್ಟು, “ನನ್ನ ಪರೀಕ್ಷೆ ಮುಗೀತು. ಖರೇ ಪರೀಕ್ಷೆ ಕಟ್ಟಿ ಮ್ಯಾಲೈತಿ” ಎಂದರು. ಆ ಸಂಜೆ ಗುಡಿಯ ಕಟ್ಟೆಯ ಮೇಲೆ ನಾಲ್ಕಾರು ಅಜ್ಜಿಯರು ಕುಳಿತಿದ್ದರು. ಆಕೆ ನಿಂತು ಪತ್ರವನ್ನು ಓದಿದಳು. ಗೆಳತಿ ಕಂಬಕ್ಕೆ ಒರಗಿ ಕೇಳಿದಳು. ಓದು ಮುಗಿದ ಮೇಲೆ ಒಬ್ಬ ಅಜ್ಜಿ ಎಲೆಯಡಿಕೆಯ ಚೀಲವನ್ನು ಬಿಗಿಯುತ್ತ ಹೇಳಿದಳು:

“ಎಲ್ಲಾ ಬರೋಬರಿ ಬರದೀದಿ, ಯವ್ವಾ. ಒಂದ ತಪ್ಪೇತಿ. ದಿನಾ ಸಂಜಿಕ ಹುಡುಗರನ್ನ ಹಿಡದ ಹಿಡದ ಕರಕೊಂಡ ಬಂದಾಕಿ ನಾನು. ಅದನ್ನ ಬರದಿಲ್ಲ ನೋಡು.”

ಎಲ್ಲರೂ ನಕ್ಕರು. ವಿದ್ಯಾರ್ಥಿನಿ ಅಲ್ಲಿಯೇ ಕುಳಿತು, ‘ಮಕ್ಕಳನ್ನು ಪ್ರತಿ ಸಂಜೆ ಕಟ್ಟೆಗೆ ಕರೆತರುತ್ತಿದ್ದವರು ಅವರ ಅಜ್ಜಿಯರು’ ಎಂಬ ವಾಕ್ಯವನ್ನು ಸೇರಿಸಿದಳು. ಆಗ ಪತ್ರ ಪೂರ್ಣವಾಯಿತು.

ಅಭ್ಯಾಸ

1. ವಿದ್ಯಾರ್ಥಿನಿಯ ಮೊದಲ ಬರಹದಲ್ಲಿದ್ದ ಮೂರು ದೋಷಗಳು ಯಾವುವು? ಅವು ಒಂದಕ್ಕೊಂದು ಹೇಗೆ ಸಂಬಂಧಿಸಿವೆ?
2. ಅತಿಯಾದ ಹೊಗಳಿಕೆಯೂ ಅತಿಯಾದ ವಿನಯವೂ ಅಣ್ಣತಮ್ಮಂದಿರೆಂದು ಹೇಳಿರುವುದೇಕೆ?
3. ಮಾಡಿದ ಕೆಲಸದ ಲೆಕ್ಕಕ್ಕೂ ಆದ ಬದಲಾವಣೆಯ ಲೆಕ್ಕಕ್ಕೂ ಇರುವ ಭೇದವನ್ನು ನಿಮ್ಮ ಊರಿನ ಒಂದು ಉದಾಹರಣೆಯಿಂದ ವಿವರಿಸಿರಿ.
4. ‘ನನ್ನಿಂದ ಕಲಿತರು’ ಎಂದು ಬರೆಯುವ ಅಧಿಕಾರ ಆಕೆಗೆ ಏಕೆ ಇರಲಿಲ್ಲ?
5. ನೀವು ಇತರರಿಗಾಗಿ ಮಾಡಿದ ಒಂದು ಕೆಲಸವನ್ನು ಗುಣವಾಚಕಗಳನ್ನು ಬಳಸದೆ ಹತ್ತು ವಾಕ್ಯಗಳಲ್ಲಿ ಬರೆದು, ಆ ಕೆಲಸದಲ್ಲಿ ಜೊತೆಗಿದ್ದವರ ಮುಂದೆ ಓದಿರಿ.